ಉದುರಿದ ಸ್ವರ, ಉಳಿದ ಗುರುತು

ಸೌದಿ ಅರೇಬಿಯದ ಹಿಜಾಜ್ ಸೀಮೆಯ ಬೆಡೂಯಿನ್ ಜನ ಆಡುವ ಅರಬ್ಬಿಯಲ್ಲಿ ‘ಆಳುವವರು’ ಎಂಬುದಕ್ಕೆ ‘ಹಾಕ್ಯ್‌ಮೀನ್’ ಎನ್ನುತ್ತಾರೆ. ‘ಹಾಕಿಮ್’ ಎಂಬ ಪದಕ್ಕೆ ಬಹುವಚನದ ‘ಈನ್’ ಸೇರಿ ಆದ ರೂಪವಿದು. ಈ ಭಾಷೆಯಲ್ಲಿ ‘ಇ’ಯ ಮುಂಚೆ ಬರುವ ಕಕಾರಕ್ಕೆ ಯಕಾರದ ಛಾಯೆ ತಗಲುತ್ತದೆ. ಆದರೆ ‘ಹಾಕ್ಯ್‌ಮೀನ್’ನಲ್ಲಿ ಕಕಾರದ ಪಕ್ಕ ‘ಇ’ಯೇ ಇಲ್ಲ. ಹ್ರಸ್ವ ‘ಇ’ ಸ್ವರಾಂತವಾದ ಅಕ್ಷರದಲ್ಲಿ ಬಂದರೆ ಉದುರಿಹೋಗಬೇಕೆಂಬ ಇನ್ನೊಂದು ನಿಯಮ ಅದನ್ನು ತೆಗೆದುಹಾಕಿದೆ.

ಹೀಗೆ ನಿಯಮವೊಂದರ ಕಾರಣ ಉಚ್ಚಾರಣೆಯಲ್ಲಿ ಕಾಣದಿರುವುದನ್ನು ಭಾಷಾವಿಜ್ಞಾನಿಗಳು ಅಪಾರದರ್ಶಕತೆ ಎನ್ನುತ್ತಾರೆ. 1973ರಲ್ಲಿ ಪಾಲ್ ಕಿಪಾರ್ಸ್ಕಿ ಇದಕ್ಕೆ ಖಚಿತ ವ್ಯಾಖ್ಯೆ ಕೊಟ್ಟರು. ನಿಯಮಗಳು ಒಂದಾದ ಮೇಲೊಂದು ನಡೆಯುತ್ತವೆ ಎಂದುಕೊಂಡರೆ ವಿವರಣೆ ಸುಲಭ: ಮೊದಲು ಛಾಯೆ, ಆಮೇಲೆ ಲೋಪ. ಲೋಪವೇ ಮೊದಲಾಗಿದ್ದರೆ ಛಾಯೆಗೆ ಅವಕಾಶವೇ ತಪ್ಪುತ್ತಿತ್ತು. ಈ ಕ್ರಮದಿಂದ ಅದು ತಪ್ಪದೆ ಉಳಿಯಿತು. ಇದೇ ಕೌಂಟರ್‌ಬ್ಲೀಡಿಂಗ್.

ಕೌಂಟರ್‌ಫೀಡಿಂಗ್ ಇದಕ್ಕೆ ತಿರುಗುಮುರುಗು. ಇದೇ ಭಾಷೆಯಲ್ಲಿ ಸ್ವರಾಂತ ಅಕ್ಷರದ ‘ಅ’ ‘ಇ’ ಆಗುತ್ತದೆ: ‘ಕತಬ್’ (ಬರೆದ) ‘ಕಿತಬ್’ ಆಗುವಂತೆ. ‘ಬದ್ವ್’ (ಬೆಡೂಯಿನ್) ಎಂಬ ಪದದ ಕೊನೆಯ ವಕಾರ ‘ಉ’ ಆದಾಗ ‘ಬ’ ಸ್ವರಾಂತ ಅಕ್ಷರವಾಗಿಬಿಡುತ್ತದೆ. ಆದರೂ ಜನ ‘ಬಿದು’ ಎನ್ನದೆ ‘ಬದು’ ಎನ್ನುತ್ತಾರೆ. ‘ಅ’ವನ್ನು ‘ಇ’ ಮಾಡುವ ನಿಯಮ ತನ್ನ ಸರದಿ ಮುಗಿಸಿದ ಮೇಲೆ ‘ಉ’ ಹುಟ್ಟಿದೆ.

1993ರಲ್ಲಿ ಅಲನ್ ಪ್ರಿನ್ಸ್ ಮತ್ತು ಪಾಲ್ ಸ್ಮೊಲೆನ್ಸ್ಕಿ ಮಂಡಿಸಿದ ಆಪ್ಟಿಮಾಲಿಟಿ ಸಿದ್ಧಾಂತದಲ್ಲಿ ಈ ಸರದಿಯೇ ಇಲ್ಲ. ಸಾಧ್ಯವಿರುವ ರೂಪಗಳೆಲ್ಲ ಒಟ್ಟಿಗೆ ಸ್ಪರ್ಧೆಗಿಳಿಯುತ್ತವೆ. ನಿರ್ಬಂಧಗಳಿಗೆ ಮೇಲು–ಕೆಳಗಿನ ಶ್ರೇಣಿಯಿದ್ದು, ಮೇಲಿನವನ್ನು ಕಡಿಮೆ ಮುರಿದ ರೂಪ ಗೆಲ್ಲುತ್ತದೆ. ಈಗ ‘ಹಾಕ್ಯ್‌ಮೀನ್’ ಮತ್ತು ‘ಹಾಕ್‌ಮೀನ್’ ಎದುರುಬದುರಾಗಲಿ. ಎರಡೂ ‘ಇ’ಯನ್ನು ಕಳೆದುಕೊಂಡಿವೆ, ಎರಡರಲ್ಲೂ ‘ಇ’ಯ ಮುಂಚೆ ಬರಿಯ ಕಕಾರವಿಲ್ಲ. ಮೊದಲನೆಯದು ಇಷ್ಟರ ಮೇಲೆ ಮೂಲದ ಕಕಾರವನ್ನೂ ಬದಲಿಸಿದೆ. ಶ್ರೇಣಿಯನ್ನು ಹೇಗೆ ಅದಲುಬದಲು ಮಾಡಿದರೂ ಅದು ಗೆಲ್ಲಲಾರದು. ಜನ ಆಡುವುದು ಮಾತ್ರ ಅದನ್ನೇ.

ಜಾನ್ ಮೆಕಾರ್ಥಿ ಇದಕ್ಕೆ ‘ಸಿಂಪಥಿ’ ಎಂಬ ಉಪಾಯ ಸೂಚಿಸಿದರು. ಏನನ್ನೂ ಕಳೆದುಕೊಳ್ಳದ ‘ಹಾಕ್ಯಿಮೀನ್’ ತಾನು ಸೋತರೂ ಮಾದರಿಯಾಗಿ ನಿಲ್ಲುತ್ತದೆ, ಗೆಲ್ಲುವ ರೂಪ ಅದನ್ನು ಹೋಲಬೇಕು. ನಡುವಿನ ಹಂತವನ್ನೇ ಹಿತ್ತಿಲ ಬಾಗಿಲಿನಿಂದ ಒಳತಂದಂತಾಯಿತು ಎಂಬ ಆಕ್ಷೇಪ ಬಂತು. 2007ರ ಹೊತ್ತಿಗೆ ಮೆಕಾರ್ಥಿಯವರೇ ಅದನ್ನು ಬಿಟ್ಟು, ಹಂತಹಂತವಾಗಿ ಬೆಳೆಯುವ ರೂಪಸರಪಳಿಗಳನ್ನು ಹೋಲಿಸುವ ದಾರಿ ಹಿಡಿದರು.

ಕಿಪಾರ್ಸ್ಕಿಯವರದು ಪದರಗಳ ದಾರಿ: ಪ್ರಕೃತಿಗೆ ಒಂದು ಸ್ಪರ್ಧೆ, ಇಡೀ ಪದಕ್ಕೆ ಇನ್ನೊಂದು, ವಾಕ್ಯಕ್ಕೆ ಮತ್ತೊಂದು. ‘ಹಾಕಿಮ್’ ಒಂಟಿಯಾಗಿದ್ದಾಗ ‘ಕಿಮ್’ ವ್ಯಂಜನಾಂತ, ಆದ್ದರಿಂದ ‘ಇ’ ಉದುರುವುದಿಲ್ಲ. ಆ ಪದರದಲ್ಲೇ ಕಕಾರಕ್ಕೆ ಛಾಯೆ ತಗಲುತ್ತದೆ. ಮೇಲಿನ ಪದರದಲ್ಲಿ ‘ಈನ್’ ಸೇರಿದಾಗ ‘ಇ’ ಹೋಗುತ್ತದೆ, ಛಾಯೆ ಉಳಿಯುತ್ತದೆ. ಈ ವಾದವನ್ನು ಪರೀಕ್ಷೆಗೊಡ್ಡಬಹುದು: ಒಂದೇ ಪದರದಲ್ಲಿ ನಡೆಯಲೇಬೇಕಾದ ಎರಡು ಬದಲಾವಣೆಗಳಲ್ಲಿ ಒಂದು ಇನ್ನೊಂದರ ಕಾರಣವನ್ನು ಅಳಿಸಿದ ಭಾಷೆ ಸಿಕ್ಕರೆ, ಪದರಗಳಷ್ಟರಿಂದಲೇ ಕೆಲಸ ಸಾಗದು.