ತೂಕದ ಮುಳ್ಳು ಏಕೆ ಏರಿತು?

ಕಲಬುರಗಿಯ ತಾಜಸುಲ್ತಾನಪುರದಲ್ಲಿ ವಾಸಿಸುವ ಮೂವತ್ತು ವರ್ಷದ ಗೃಹಿಣಿಯೊಬ್ಬಳನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳೋಣ. ಆಕೆಗೆ ಪಾಲಿಸಿಸ್ಟಿಕ್ ಓವರಿ ಸಿಂಡ್ರೋಮ್ ಇದೆ. ತೂಕ 68 ಕಿಲೋ. ವೈದ್ಯರ ಸಲಹೆಯಂತೆ ಮೆಟ್‌ಫಾರ್ಮಿನ್ ಮಾತ್ರೆ ಸೇವಿಸುತ್ತಾಳೆ. ವಾರಕ್ಕೆ ಮೂರು ದಿನ ಭಾರ ಎತ್ತುವ ವ್ಯಾಯಾಮವನ್ನೂ ಮಾಡುತ್ತಾಳೆ. ಇದರ ಜೊತೆಗೆ ಕ್ರಿಯಾಟಿನ್ ಪುಡಿಯನ್ನು ಸೇವಿಸಬಹುದೇ ಎಂಬುದು ಆಕೆಯ ಸಂದೇಹ.

ಕ್ರಿಯಾಟಿನ್ ಹೊಸ ವಸ್ತುವೇನಲ್ಲ. 1832ರಲ್ಲಿ ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಶೆವ್ರೆಲ್ ಅದನ್ನು ಮಾಂಸದ ಸಾರಿನಲ್ಲಿ ಕಂಡುಹಿಡಿದನು. ನಮ್ಮ ದೇಹವೂ ದಿನಕ್ಕೆ ಸುಮಾರು 1 ಗ್ರಾಂನಷ್ಟನ್ನು ತಾನೇ ತಯಾರಿಸಿಕೊಳ್ಳುತ್ತದೆ. ಭಾರವನ್ನೆತ್ತುವ ಆ ಕೆಲವು ಕ್ಷಣಗಳಲ್ಲಿ ಸ್ನಾಯುವಿಗೆ ತತ್‌ಕ್ಷಣದ ಶಕ್ತಿಯನ್ನು ಒದಗಿಸುವುದೇ ಇದರ ಕೆಲಸ. ಜೋಳದ ರೊಟ್ಟಿಯಲ್ಲಾಗಲಿ, ತೊಗರಿಬೇಳೆಯಲ್ಲಾಗಲಿ ಇದು ಇಲ್ಲ. ಆದುದರಿಂದಲೇ ಸಸ್ಯಾಹಾರಿಗಳ ಸ್ನಾಯುಗಳಲ್ಲಿ ಇದರ ಸಂಗ್ರಹ ಕಡಮೆಯಿರುತ್ತದೆ.

ದಿನಕ್ಕೆ 3ರಿಂದ 5 ಗ್ರಾಂ ಕ್ರಿಯಾಟಿನ್ ಮಾನೋಹೈಡ್ರೇಟ್ ಸಾಕು; ಮೂರು ನಾಲ್ಕು ವಾರಗಳಲ್ಲಿ ಸ್ನಾಯು ತುಂಬಿಕೊಳ್ಳುತ್ತದೆ. ಮೊದಲ ವಾರದಲ್ಲೇ ದಿನಕ್ಕೆ 20 ಗ್ರಾಂ ಸೇವಿಸುವ ಪದ್ಧತಿಯೂ ಉಂಟು. ಅದರಿಂದ ಹೊಟ್ಟೆ ಕೆಡುವುದೂ ತೂಕ ಥಟ್ಟನೆ ಏರುವುದೂ ಹೆಚ್ಚು.

ಗೃಹಿಣಿ 3 ಗ್ರಾಂ ಆರಂಭಿಸಿದಳೆನ್ನೋಣ. ಮೂರನೆಯ ವಾರ ತೂಕದ ಮುಳ್ಳು 69ಕ್ಕೆ ಏರುತ್ತದೆ. ಈ ಕಾಯಿಲೆಯುಳ್ಳವರಿಗೆ ತೂಕವೇ ದೊಡ್ಡ ಚಿಂತೆ. ಅನೇಕರು ಗಾಬರಿಗೊಂಡು ಪುಡಿಯನ್ನು ಬಿಟ್ಟುಬಿಡುವುದು ಇಲ್ಲಿಯೇ. ಆದರೆ ಕ್ರಿಯಾಟಿನ್ ಸ್ನಾಯುವಿನೊಳಕ್ಕೆ ನೀರನ್ನು ಸೆಳೆಯುತ್ತದೆ. ಏರಿದ್ದು ನೀರಿನ ತೂಕ, ಕೊಬ್ಬಲ್ಲ. ಟೇಪಿನಿಂದ ಸೊಂಟವನ್ನು ಅಳೆದರೆ ನಿಜ ತಿಳಿಯುತ್ತದೆ. ಸೊಂಟ ಹಾಗೆಯೇ ಇದ್ದು, ಎತ್ತುವ ಭಾರ ಹೆಚ್ಚುತ್ತಿದ್ದರೆ ಚಿಂತೆಗೆ ಕಾರಣವಿಲ್ಲ. ತಿಂಗಳು ತಿಂಗಳೂ ತೂಕ ಏರುತ್ತ, ಸೊಂಟವೂ ಬೆಳೆಯುತ್ತಿದ್ದರೆ ದೋಷ ಪುಡಿಯದಲ್ಲ, ಊಟವನ್ನು ಪರಿಶೀಲಿಸಬೇಕು.

ಇನ್ನು ಇನ್ಸುಲಿನ್ ವಿಚಾರ. ದುಡಿಯುವ ಸ್ನಾಯು ಇನ್ಸುಲಿನ್ನಿನ ನೆರವಿಲ್ಲದೆಯೂ ರಕ್ತದ ಸಕ್ಕರೆಯನ್ನು ಹೀರಿಕೊಳ್ಳಬಲ್ಲದು. ಈ ಉಪಕಾರ ವ್ಯಾಯಾಮದ್ದು. ಕ್ರಿಯಾಟಿನ್ ಇನ್ನೆರಡು ಬಾರಿ ಹೆಚ್ಚು ಎತ್ತಲು ನೆರವಾಗುತ್ತದೆ, ಅಷ್ಟೆ. ವ್ಯಾಯಾಮವಿಲ್ಲದೆ ಪುಡಿಯನ್ನು ಮಾತ್ರ ಸೇವಿಸಿದರೆ ಈ ಕಾಯಿಲೆ ಗುಣವಾಗುವುದೆಂಬುದಕ್ಕೆ ಆಧಾರವಿಲ್ಲ. ಮೆಟ್‌ಫಾರ್ಮಿನ್ನಿಗೆ ಅದು ಬದಲಿಯೂ ಅಲ್ಲ.

ನಿಜವಾದ ತೊಡಕು ಬರುವುದು ರಕ್ತಪರೀಕ್ಷೆಯಲ್ಲಿ. ಕ್ರಿಯಾಟಿನ್ ದೇಹದಲ್ಲಿ ಕ್ರಿಯಾಟಿನೈನ್ ಆಗಿ ಮಾರ್ಪಡುತ್ತದೆ. ಅದರ ಪ್ರಮಾಣದಿಂದಲೇ ಮೂತ್ರಪಿಂಡದ ಸಾಮರ್ಥ್ಯವನ್ನು ಎಣಿಸುವುದು ರೂಢಿ. ಮೆಟ್‌ಫಾರ್ಮಿನ್ ಎಷ್ಟು ಕೊಡಬಹುದೆಂಬುದು ಆ ಎಣಿಕೆಯನ್ನೇ ಅವಲಂಬಿಸಿದೆ. ನಮ್ಮ ಗೃಹಿಣಿಯ ಕ್ರಿಯಾಟಿನೈನ್ 0.8ರಿಂದ 1.0ಕ್ಕೆ ಏರಿದರೆ, ಮೂತ್ರಪಿಂಡಕ್ಕೆ ಏನೂ ಆಗದಿದ್ದರೂ ಕಾಗದದ ಮೇಲೆ ಸಾಮರ್ಥ್ಯ ಸುಮಾರು 102ರಿಂದ 78ಕ್ಕೆ ಇಳಿದಂತೆ ಕಾಣುತ್ತದೆ. ಪುಡಿಯ ಸಂಗತಿ ತಿಳಿಯದ ವೈದ್ಯರು ಇದನ್ನು ರೋಗವೆಂದು ಶಂಕಿಸಬಹುದು.

ಆದುದರಿಂದ ಪುಡಿ ಆರಂಭಿಸುವ ಮೊದಲೇ ಒಮ್ಮೆ ರಕ್ತ ಪರೀಕ್ಷಿಸಿಕೊಂಡು ವೈದ್ಯರಿಗೆ ತಿಳಿಸುವುದು ಲೇಸು. ಮುಂದೆ ಸಂದೇಹ ಬಂದರೆ ಸಿಸ್ಟಾಟಿನ್-ಸಿ ಎಂಬ ಪರೀಕ್ಷೆಯುಂಟು. ಕ್ರಿಯಾಟಿನ್ ಸೇವನೆ ಅದನ್ನು ಏರಿಸದು. ಮೂತ್ರದಲ್ಲಿ ಆಲ್ಬುಮಿನ್ ಇದೆಯೇ ಎಂದೂ ನೋಡಬೇಕು. ಮೂತ್ರಪಿಂಡದ ಕಾಯಿಲೆ ಮೊದಲೇ ಇರುವವರೂ ಗರ್ಭಿಣಿಯರೂ ವೈದ್ಯರ ಒಪ್ಪಿಗೆಯಿಲ್ಲದೆ ಈ ಪುಡಿಯನ್ನು ಮುಟ್ಟದಿರುವುದೇ ಕ್ಷೇಮ.