ಎದ್ದು ನಿಂತರೆ ಎದೆ ಢವಢವ: ಹದಿಹರೆಯದ ಪಾಟ್ಸ್

ಶಾಲೆಯ ಪ್ರಾರ್ಥನೆ ಸಾಲಿನಲ್ಲಿ ಹುಡುಗಿ ನಿಂತಳು ಅಂದ್ರೆ ತಲೆಸುತ್ತು, ಎದೆ ಢವಢವ. ಕೂತರೆ ಸರಿಹೋಗುತ್ತೆ. "ತಿಂಡಿ ತಿಂದಿಲ್ವೇನಮ್ಮ?" ಅಂತಾರೆ ಟೀಚರ್. ಮೂರು ತಿಂಗಳಾದರೂ ಇದು ನಿಲ್ಲದಿದ್ದರೆ ಪಾಟ್ಸ್ ಅನ್ನೋ ತೊಂದರೆ ಇರಬಹುದು.

ನಿಂತಾಗ ರಕ್ತ ಹೊಟ್ಟೆಗೆ, ಕಾಲಿಗೆ ಇಳಿಯುತ್ತೆ. ರಕ್ತನಾಳಗಳು ಬಿಗಿದು ಅದನ್ನು ಮೇಲಕ್ಕೆ ಕಳಿಸಬೇಕು. ಪಾಟ್ಸ್‌ನಲ್ಲಿ ಅದು ಸಾಲದೆ ಹೃದಯ ಓಡೋಕೆ ಶುರುಮಾಡುತ್ತೆ.

ಪರೀಕ್ಷೆ ಸರಳ. ಹತ್ತು ನಿಮಿಷ ಮಲಗಿಸಿ ನಾಡಿ ಎಣಿಸ್ತಾರೆ. ಹದಿನೈದರ ಹುಡುಗಿಗೆ 74 ಅಂದುಕೊಳ್ಳಿ. ಆಮೇಲೆ ಗೋಡೆಗೆ ಒರಗದೆ ನಿಲ್ಲಿಸ್ತಾರೆ. ಐದನೇ ನಿಮಿಷಕ್ಕೆ 118, ಹತ್ತನೇ ನಿಮಿಷಕ್ಕೆ 121. ಬಿಪಿ ಮಾತ್ರ ಇಳಿದಿಲ್ಲ. 12ರಿಂದ 19ರ ವಯಸ್ಸಿನಲ್ಲಿ ಏರಿಕೆ 40 ದಾಟಿ ಹಾಗೇ ಉಳಿದರೆ ಪಾಟ್ಸ್ ಅನುಮಾನ ಗಟ್ಟಿ. ಆದರೂ ರಕ್ತಹೀನತೆ, ಥೈರಾಯ್ಡ್ ನೋಡಿ, ಇಸಿಜಿ ಮಾಡಿಸಲೇಬೇಕು. ನೋಡದೆಯೇ "ಟೆನ್ಷನ್" ಅಂದುಬಿಡೋದು ಅನ್ಯಾಯ.

ಮಾತ್ರೆಗಿಂತ ಮೊದಲು ನೀರು: ದಿನಕ್ಕೆ ಎರಡರಿಂದ ಮೂರು ಲೀಟರ್. ಜೊತೆಗೆ ಉಪ್ಪು ಹಾಕಿದ ಮಜ್ಜಿಗೆ. ಹೆಚ್ಚುವರಿ ಉಪ್ಪು ಎಷ್ಟು ಅನ್ನೋದನ್ನ ವೈದ್ಯರೇ ಹೇಳಬೇಕು. ಬಿಪಿ, ಕಿಡ್ನಿ ತೊಂದರೆ ಇದ್ದವರಿಗೆ ಇದು ಬೇಡ. ಸೊಂಟದವರೆಗಿನ ಬಿಗಿ ಸ್ಟಾಕಿಂಗ್ಸ್ ಕೂಡ ನೆರವಾಗುತ್ತೆ. ನಿಂತೇ ಇರಬೇಕಾದಾಗ ಕಾಲು ಕತ್ತರಿ ಹಾಕಿ ತೊಡೆ ಬಿಗಿಹಿಡಿಯಲಿ.

ವ್ಯಾಯಾಮ ಬಿಡಬಾರದು, ಆದರೆ ಓಟದಿಂದ ಶುರುಮಾಡಬಾರದು. ಮೊದಲು ಮಲಗಿ ಮಾಡೋದು, ಇಲ್ಲಾ ಈಜು. ಫಲ ಕಾಣೋಕೆ ತಿಂಗಳುಗಳೇ ಬೇಕು.

ಓಡುವಾಗಲೇ ಮಗು ಪ್ರಜ್ಞೆ ತಪ್ಪಿ ಬಿದ್ದರೆ ಮಾತ್ರ ಇದ್ಯಾವುದಕ್ಕೂ ಕಾಯಬೇಡಿ. ತಕ್ಷಣ ಹೃದಯ ತಜ್ಞರಿಗೆ ತೋರಿಸಿ.