ಕತ್ತರಿ ಲಿಫ್ಟಿನ ನಡುವಣ ಪಿನ್ನು

ಹಾರಾಟಕ್ಕೆ ಸಜ್ಜಾಗುತ್ತಿರುವ ವಿಮಾನದ ಪಕ್ಕಕ್ಕೆ ಊಟದ ಟ್ರಾಲಿಗಳನ್ನು ಹೊತ್ತ ಲಾರಿಯೊಂದು ಬಂದು ನಿಲ್ಲುತ್ತದೆ. ಲಾರಿಯ ಚಕ್ರ, ಎಂಜಿನ್ನು, ಚಾಸಿಗಳೆಲ್ಲ ನೆಲದಲ್ಲೇ ಉಳಿಯುತ್ತವೆ. ಹಿಂದಿನ ಕೋಣೆ ಮಾತ್ರ ಮೆಲ್ಲಗೆ ಮೇಲೇರಿ, ವಿಮಾನದ ಬಾಗಿಲಿನ ಮಟ್ಟಕ್ಕೆ ಬಂದು ನಿಲ್ಲುತ್ತದೆ. ಕೋಣೆಯೊಳಗಿನ ಟ್ರಾಲಿಗಳಿಗೆ ಗಾಲಿಗಳಿವೆ. ಏರುವಾಗ ಕೋಣೆಯ ನೆಲ ಸ್ವಲ್ಪ ವಾಲಿದರೂ ಅವು ಒಂದು ಮೂಲೆಗೆ ಉರುಳಿಹೋಗುತ್ತವೆ. ಆದರೆ ಕೋಣೆ ವಾಲುವುದಿಲ್ಲ. ಅದನ್ನು ಮಟ್ಟದಲ್ಲಿಡಲು ಯಾವ ಕಂಪ್ಯೂಟರೂ ಬೇಕಿಲ್ಲ. ಕೋಣೆಯ ಕೆಳಗೆ ಎರಡು ಉಕ್ಕಿನ ತೋಳುಗಳು ಗುಣಾಕಾರದ ಚಿಹ್ನೆಯ ಹಾಗೆ ಅಡ್ಡಹಾಯ್ದಿವೆ. ಅವು ಕೂಡುವಲ್ಲಿ ಒಂದು ಪಿನ್ನು ಇದೆ. ಕೋಣೆ ಮಟ್ಟವಾಗಿರುವುದು ಆ ಪಿನ್ನನ್ನು ಎಲ್ಲಿ ಹಾಕಿದ್ದಾರೆ ಎಂಬುದರಿಂದ. ಮಾಲ್‌ಗಳ ಎತ್ತರದ ಚಾವಣಿಯಲ್ಲಿ ದೀಪ ಬದಲಿಸುವವರನ್ನು ಎತ್ತುವುದೂ ಇದೇ ಯಂತ್ರ. ಕೆಲಸದವರ ಬಾಯಲ್ಲಿ ಇದರ ಹೆಸರು ಸಿಸರ್ ಲಿಫ್ಟ್, ಅಂದರೆ ಕತ್ತರಿ ಲಿಫ್ಟ್.

ಯಂತ್ರವನ್ನು ಪಕ್ಕದಿಂದ ನೋಡಿ, ಮೂಲೆಗಳಿಗೆ ಹೆಸರಿಡೋಣ. ಕೆಳಗೆ ಎಡತುದಿ ಅ, ಬಲತುದಿ ಬ. ಮೇಲೆ ಬಲತುದಿ ಕ, ಎಡತುದಿ ಡ. ಒಂದು ತೋಳು ಅ ಯಿಂದ ಕ ವರೆಗೆ, ಇನ್ನೊಂದು ಬ ಯಿಂದ ಡ ವರೆಗೆ ಓರೆಯಾಗಿ ಹೋಗುತ್ತದೆ. ಎರಡೂ ಕೂಡುವ ಜಾಗ ಮ. ಅ ತುದಿಯನ್ನು ಕೆಳಗಿನ ಚೌಕಟ್ಟಿಗೂ ಡ ತುದಿಯನ್ನು ಮೇಲಿನ ಹಲಗೆಗೂ ಕೀಲಿನಿಂದ ಬಿಗಿದಿದ್ದಾರೆ. ಬ ಮತ್ತು ಕ ತುದಿಗಳಲ್ಲಿ ರೋಲರುಗಳಿದ್ದು, ಅವು ತಮ್ಮ ಹಳಿಯಲ್ಲಿ ಹಿಂದೆ ಮುಂದೆ ಜಾರುತ್ತವೆ. ಹೈಡ್ರಾಲಿಕ್ ಸಿಲಿಂಡರು ಒತ್ತಿದಾಗ ಬ ರೋಲರು ಅ ಕಡೆಗೆ ಸರಿಯುತ್ತದೆ, ತೋಳುಗಳು ನಿಮಿರುತ್ತವೆ, ಹಲಗೆ ಏರುತ್ತದೆ.

ಇಲ್ಲಿ ನಾಲ್ಕು ಮೂಲೆಗಳಿದ್ದರೂ ನಾಲ್ಕು ಬಾಹುಗಳಿಲ್ಲ. ಅ ಮತ್ತು ಡ ನಡುವೆ ಬರೀ ಗಾಳಿ, ಬ ಮತ್ತು ಕ ನಡುವೆಯೂ ಅಷ್ಟೆ. ಕಣ್ಣಿಗೆ ಕಾಣುವ ತೋಳುಗಳು ಈ ಚತುರ್ಭುಜದ ಕರ್ಣಗಳು. ಸಮಾಂತರ ಚತುರ್ಭುಜದ ಕರ್ಣಗಳು ಪರಸ್ಪರ ಅರ್ಧಿಸುತ್ತವೆ ಎಂದು ಒಂಬತ್ತನೇ ತರಗತಿಯಲ್ಲಿ ಎಲ್ಲರೂ ಓದಿರುತ್ತಾರೆ. ಎದುರು ಬಾಹುಗಳು ಸಮ, ಎದುರು ಕೋನಗಳು ಸಮ ಎಂಬ ಗುಣಗಳ ಸಾಲಿನಲ್ಲಿ ಅದೂ ಒಂದಾಗಿ ಬಂದುಹೋಗುತ್ತದೆ. ಆದರೆ ಆ ಮಾತು ಆರಂಭವಾಗುವುದು ಸಮಾಂತರ ಚತುರ್ಭುಜ ಆಗಲೇ ಕೈಯಲ್ಲಿದೆ ಎಂದುಕೊಂಡು. ಲಿಫ್ಟ್ ಕಟ್ಟುವವರ ಕೈಯಲ್ಲಿ ಅದಿಲ್ಲ. ಅವರಲ್ಲಿರುವುದು ಎರಡು ಪಟ್ಟಿ, ಒಂದು ಡ್ರಿಲ್. ಹಾಗಾಗಿ ಅವರಿಗೆ ಬೇಕಾದ್ದು ಇದರ ವಿಲೋಮ: ಕರ್ಣಗಳು ಪರಸ್ಪರ ಅರ್ಧಿಸಿದರೆ ಆ ಚತುರ್ಭುಜ ಸಮಾಂತರವಾಗಲೇಬೇಕು. ಒಂದು ಹೇಳಿಕೆ ನಿಜವೆಂದಮಾತ್ರಕ್ಕೆ ಅದರ ವಿಲೋಮವೂ ನಿಜವಾಗಬೇಕಿಲ್ಲ, ಆದ್ದರಿಂದ ಇದಕ್ಕೆ ಬೇರೆಯದೇ ಸಾಧನೆ ಬೇಕು.

ಸಾಧನೆ ಚಿಕ್ಕದು. ಪಿನ್ನನ್ನು ಎರಡೂ ತೋಳುಗಳ ಸರಿಮಧ್ಯಕ್ಕೆ ಹಾಕಿದ್ದೇವೆ, ಆದ್ದರಿಂದ ಅಮ ಮತ್ತು ಮಕ ಸಮ, ಬಮ ಮತ್ತು ಮಡ ಸಮ. ಈಗ ಕೆಳಗಿನ ತ್ರಿಭುಜ ಅಮಬ, ಮೇಲಿನ ತ್ರಿಭುಜ ಕಮಡ ಎರಡನ್ನೂ ನೋಡಿ. ಮ ಬಳಿ ಅವುಗಳ ಕೋನಗಳು ಶೃಂಗಾಭಿಮುಖ ಕೋನಗಳು, ಹಾಗಾಗಿ ಸಮ. ಎರಡು ಬಾಹು, ಅವುಗಳ ನಡುವಿನ ಕೋನ ಸಮವಾದ್ದರಿಂದ ಬಾಕೋಬಾ ನಿಯಮದಂತೆ ತ್ರಿಭುಜಗಳು ಸರ್ವಸಮ. ಅಂದಮೇಲೆ ಅ ಬಳಿ ತೋಳು ಕೆಳಗಿನ ಚೌಕಟ್ಟಿನೊಡನೆ ಮಾಡುವ ಕೋನವೂ ಕ ಬಳಿ ಅದೇ ತೋಳು ಮೇಲಿನ ಹಲಗೆಯೊಡನೆ ಮಾಡುವ ಕೋನವೂ ಒಂದೇ. ಇವು ಪರ್ಯಾಯ ಕೋನಗಳು. ಪರ್ಯಾಯ ಕೋನಗಳು ಸಮವಾದರೆ ರೇಖೆಗಳು ಸಮಾಂತರ. ಹಲಗೆ ಚೌಕಟ್ಟಿಗೆ ಸಮಾಂತರವಾಯಿತು. ಇದೇ ತರ್ಕವನ್ನು ಎಡಬಲದ ತ್ರಿಭುಜಗಳಿಗೆ ಅನ್ವಯಿಸಿದರೆ ಕಾಣದ ಬಾಹುಗಳಾದ ಅಡ, ಬಕ ಕೂಡ ಸಮಾಂತರವೆಂದು ಸಿಗುತ್ತದೆ.

ಈ ಸಾಧನೆಯಲ್ಲಿ ಒಂದು ಸಂಗತಿ ಎಲ್ಲಿಯೂ ಬರಲಿಲ್ಲ. ಮ ಬಳಿಯ ಕೋನ ಎಷ್ಟು ಡಿಗ್ರಿ ಎಂದು ನಾವು ಕೇಳಲೇ ಇಲ್ಲ. 20 ಇರಲಿ, 100 ಇರಲಿ, ಶೃಂಗಾಭಿಮುಖ ಕೋನಗಳು ಸಮವೇ. ಯಂತ್ರ ಚಲಿಸುವಾಗ ಬದಲಾಗುವುದು ಆ ಕೋನ ಮಾತ್ರ. ಪ್ರಮೇಯ ಯಾವುದನ್ನು ಕೇಳದೆ ಬಿಟ್ಟಿದೆಯೋ ಅದೇ ಯಂತ್ರಕ್ಕೆ ಸಿಕ್ಕ ಚಲನೆಯ ಸ್ವಾತಂತ್ರ್ಯ. ಹಾಗಾಗಿ ಹಲಗೆ ಒಂದು ಎತ್ತರದಲ್ಲಿ ಮಟ್ಟವಾಗಿದ್ದು ಇನ್ನೊಂದರಲ್ಲಿ ವಾಲುವ ಪ್ರಶ್ನೆಯೇ ಏಳುವುದಿಲ್ಲ. ಇಡೀ ವಿಷಯದಲ್ಲಿ ನನಗೆ ಅತ್ಯಂತ ಇಷ್ಟವಾದದ್ದು ಇದು.

ಎರಡು ತೋಳುಗಳ ಉದ್ದ ಒಂದೇ ಇರಬೇಕೆಂದೂ ಸಾಧನೆ ಕೇಳಲಿಲ್ಲ. ಆದರೂ ಲಿಫ್ಟುಗಳಲ್ಲಿ ತೋಳುಗಳು ಸಮವಾಗಿರುತ್ತವೆ, ಏಕೆಂದರೆ ಕರ್ಣಗಳು ಪರಸ್ಪರ ಅರ್ಧಿಸುವುದರ ಜೊತೆಗೆ ಸಮವೂ ಆಗಿದ್ದರೆ ಸಮಾಂತರ ಚತುರ್ಭುಜವು ಆಯತವಾಗುತ್ತದೆ. ತೋಳು ತಲಾ 200 ಸೆಂ.ಮೀ. ಇದೆ ಎನ್ನಿ. ಅ ಮತ್ತು ಬ ನಡುವೆ 160 ಸೆಂ.ಮೀ. ಇದ್ದಾಗ ಪೈಥಾಗೊರಸ್ ಪ್ರಮೇಯದಂತೆ ಹಲಗೆಯ ಎತ್ತರ 120 ಸೆಂ.ಮೀ. ರೋಲರನ್ನು ಒಳಕ್ಕೆಳೆದು ಅಂತರವನ್ನು 120ಕ್ಕೆ ತಂದರೆ ಎತ್ತರ 160 ಆಗುತ್ತದೆ. ಎರಡೂ ಸಲ ಡ ಬಿಂದು ಅ ಬಿಂದುವಿನ ನೆತ್ತಿಯ ಮೇಲೇ ಇರುತ್ತದೆ, ಹಲಗೆ ನೆಟ್ಟಗೆ ಏರುತ್ತದೆ. ಈಗ ಬ–ಡ ತೋಳನ್ನು 180 ಸೆಂ.ಮೀ.ಗೆ ಇಳಿಸಿ, ಪಿನ್ನನ್ನು ಎರಡರ ಮಧ್ಯದಲ್ಲೇ ಇಡಿ. ಹಲಗೆ ಆಗಲೂ ಮಟ್ಟವಾಗಿಯೇ ಇರುತ್ತದೆ. ಆದರೆ ಕೆಳಗಿನ ಅಂತರ 160 ಇದ್ದಾಗ ಡ ಬಿಂದು ಅ ಯಿಂದ ಸುಮಾರು 12 ಸೆಂ.ಮೀ. ಬಲಕ್ಕಿರುತ್ತದೆ, 120 ಆದಾಗ ಸುಮಾರು 16 ಸೆಂ.ಮೀ. ಬಲಕ್ಕೆ ಹೋಗುತ್ತದೆ. ಹಲಗೆ ಏರುತ್ತಲೇ ಪಕ್ಕಕ್ಕೆ ಸರಿಯಿತು. ವಿಮಾನದ ಬಾಗಿಲಿಗೆ ಒತ್ತಿ ನಿಂತ ಲಾರಿಗೆ ಆ ನಾಲ್ಕು ಸೆಂ.ಮೀ. ಸಣ್ಣದಲ್ಲ.

ನಾಲ್ಕು ಪಟ್ಟಿಗಳನ್ನು ಮೂಲೆಗಳಲ್ಲಿ ಕೀಲು ಹಾಕಿ ಜೋಡಿಸಿದರೂ ಸಮಾಂತರ ಚತುರ್ಭುಜ ಸಿಗುತ್ತದಲ್ಲ, ಕರ್ಣಗಳ ದಾರಿಯೇ ಏಕೆ ಎಂದು ಕೇಳಬಹುದು. ಕ್ರಿಸ್ಟೋಫ್ ಶೈನರ್ 1603ರಲ್ಲಿ ಚಿತ್ರಗಳನ್ನು ಹಿಗ್ಗಿಸಿ ಕುಗ್ಗಿಸಿ ನಕಲು ಮಾಡುವ ಪ್ಯಾಂಟೋಗ್ರಾಫ್ ಮಾಡಿದ್ದು ಅದೇ ಬಾಹುಗಳ ದಾರಿಯಿಂದ. ಆದರೆ ಅಲ್ಲೊಂದು ಬಲೆ ಇದೆ. ಎದುರು ಪಟ್ಟಿಗಳು ಸಮವಾಗಿರುವ ಚೌಕಟ್ಟನ್ನು ಪೂರ್ತಿ ಚಪ್ಪಟೆಯಾಗಿ ಮಡಚಿ ಮತ್ತೆ ಬಿಡಿಸಿದರೆ, ಅದು ಹಳೆಯ ಆಕಾರಕ್ಕೂ ಮರಳಬಹುದು, ಒಂದು ಜೊತೆ ಪಟ್ಟಿಗಳು ಒಂದನ್ನೊಂದು ದಾಟಿ ನಿಲ್ಲುವ ಆಕಾರಕ್ಕೂ ಹೊರಳಬಹುದು. ಪಟ್ಟಿಗಳ ಉದ್ದ ಎರಡಕ್ಕೂ ಒಂದೇ. ಉಗಿ ಎಂಜಿನ್ನುಗಳ ಚಕ್ರಗಳನ್ನು ಜೋಡಿಸುವ ಸರಳುಗಳಲ್ಲಿ ಈ ತೊಂದರೆ ಇದ್ದುದರಿಂದಲೂ ಎಡಗಡೆಯ ಸರಳನ್ನು ಬಲಗಡೆಯದಕ್ಕಿಂತ ಕಾಲು ಸುತ್ತು ಮುಂದೋ ಹಿಂದೋ ಇಡುತ್ತಿದ್ದರು. ಒಂದು ಬದಿ ಚಪ್ಪಟೆಯಾದಾಗ ಇನ್ನೊಂದು ಬದಿ ದಾರಿ ತಪ್ಪದಂತೆ ಹಿಡಿಯುತ್ತಿತ್ತು. ಕರ್ಣಗಳನ್ನು ಮಧ್ಯದಲ್ಲಿ ಪಿನ್ನು ಹಾಕಿ ಕಟ್ಟಿದ ಆಕಾರ ಹೀಗೆ ಹೊರಳಲಾರದು. ಪೂರ್ತಿ ಮಡಚಿ ಬಿಡಿಸಿದರೂ ಮ ಎರಡು ತೋಳುಗಳ ಮಧ್ಯದಲ್ಲೇ ಇರುತ್ತದೆ.

ಇನ್ನು ಪಿನ್ನು ತಪ್ಪಿದರೆ ಏನಾಗುತ್ತದೆಂದು ಲೆಕ್ಕ ಹಾಕಿ ನೋಡೋಣ. ತೋಳುಗಳು ಮತ್ತೆ ತಲಾ 200 ಸೆಂ.ಮೀ. ಇರಲಿ. ಅ–ಕ ತೋಳಿನ ತೂತು ಸರಿಮಧ್ಯದಲ್ಲಿದೆ. ಬ–ಡ ತೋಳಿನ ತೂತು ಮಾತ್ರ 5 ಸೆಂ.ಮೀ. ಮೇಲೆ ಬಿದ್ದಿದೆ, ಅಂದರೆ ಬಮ 105, ಮಡ 95. ಕರ್ಣಗಳಲ್ಲಿ ಒಂದು ಮಾತ್ರ ಅರ್ಧವಾಯಿತು. ಕೆಳಗಿನ ಅಂತರ 160 ಇರುವಾಗ ಕ ತುದಿ ಸುಮಾರು 128 ಸೆಂ.ಮೀ. ಎತ್ತರದಲ್ಲಿ, ಡ ತುದಿ 122ರಲ್ಲಿ ನಿಲ್ಲುತ್ತವೆ. ಹಲಗೆಯ ಓರೆ ಎರಡು ಡಿಗ್ರಿಗಿಂತ ಸ್ವಲ್ಪ ಹೆಚ್ಚು. ಅಂತರವನ್ನು 120ಕ್ಕೆ ತಂದಾಗ ಕ 166ಕ್ಕೂ ಡ 158ಕ್ಕೂ ಏರುತ್ತವೆ, ಅವುಗಳ ನಡುವಿನ ಉದ್ದವೂ ಕಡಿಮೆಯಾಗಿರುತ್ತದೆ, ಓರೆ ಸುಮಾರು ನಾಲ್ಕು ಡಿಗ್ರಿಯಾಗುತ್ತದೆ. ಎತ್ತರ ಹೆಚ್ಚಿದಂತೆ ವಾಲುವಿಕೆಯೂ ಹೆಚ್ಚುತ್ತದೆ. ಪರೀಕ್ಷೆಯಲ್ಲಿ ಒಂದು ಕರ್ಣವನ್ನಷ್ಟೇ ಅಳೆದು ಸಮಾಂತರ ಎಂದು ಬರೆದರೆ ಅಂಕ ಹೋಗುತ್ತದೆ; ಇಲ್ಲಿ ಟ್ರಾಲಿಗಳು ಉರುಳುತ್ತವೆ.

ತಪ್ಪಿನಲ್ಲಿ ಇನ್ನೊಂದು ಬಗೆಯಿದೆ, ಅದು ಕಣ್ಣಿಗೆ ಬೀಳುವುದು ಕಷ್ಟ. ಎರಡೂ ತೋಳುಗಳಲ್ಲಿ ತೂತು ಒಂದೇ ಅಳತೆಯಷ್ಟು ಮೇಲೆ ಬಿದ್ದು, ಕೆಳಗಿನ ಭಾಗ ತಲಾ 110, ಮೇಲಿನದು ತಲಾ 90 ಆಗಿದೆ ಎನ್ನಿ. ತ್ರಿಭುಜಗಳು ಸರ್ವಸಮವಲ್ಲ, ಆದರೆ ಸಮರೂಪ. ಕೋನಗಳು ಇನ್ನೂ ಸಮವಾಗಿರುವುದರಿಂದ ಹಲಗೆ ಮಟ್ಟವಾಗಿಯೇ ಏರುತ್ತದೆ. ಇದು ತ್ರಾಪಿಜ್ಯ. ಕರ್ಣಗಳೂ ಸಮ, ಮೇಲೆ ಕೆಳಗಿನ ಬಾಹುಗಳೂ ಸಮಾಂತರ, ಆದರೂ ಸಮಾಂತರ ಚತುರ್ಭುಜವಲ್ಲ. ಕೆಳಗೆ 160 ಇದ್ದಾಗ ಮೇಲಿನ ತುದಿಗಳ ನಡುವೆ 131 ಮಾತ್ರ. ಒಂದೇ ಜೊತೆ ತೋಳಿನ ಮೇಜಾದರೆ ಇದರಿಂದ ಹೆಚ್ಚು ತೊಂದರೆಯಿಲ್ಲ. ಆದರೆ ಎತ್ತರದ ಲಿಫ್ಟಿನಲ್ಲಿ ಒಂದರ ಮೇಲೊಂದು ನಾಲ್ಕೈದು ಜೊತೆ ತೋಳುಗಳಿರುತ್ತವೆ. ಒಂದು ಜೊತೆಯ ಮೇಲಿನ ತುದಿಗಳೇ ಮುಂದಿನ ಜೊತೆಯ ಕೆಳತುದಿಗಳು. ಪ್ರತಿ ಹಂತದಲ್ಲೂ ಅಗಲ ಹೀಗೆ ಕುಗ್ಗುತ್ತ ಹೋದರೆ ಮೇಲಿನ ತೋಳುಗಳು ಬೇರೆಯೇ ಅಳತೆಯವಾಗಬೇಕಾಗುತ್ತದೆ. ಪಿನ್ನು ಸರಿಮಧ್ಯದಲ್ಲಿದ್ದರೆ ಮೇಲಿನ ಅಗಲ ಕೆಳಗಿನ ಅಗಲದಷ್ಟೇ ಇದ್ದು, ಎಲ್ಲ ತೋಳುಗಳನ್ನೂ ಒಂದೇ ಅಚ್ಚಿನಲ್ಲಿ ಮಾಡಬಹುದು. ಎದುರು ಬಾಹುಗಳು ಸಮ ಎಂಬ ಗುಣ ಕೆಲಸಕ್ಕೆ ಬರುವುದು ಇಲ್ಲಿ.

ತೋಳುಗಳು ಬಾಗುವುದಿಲ್ಲ, ಪಿನ್ನು ತೂತಿನಲ್ಲಿ ಅಲುಗುವುದಿಲ್ಲ ಎಂದು ಪ್ರಮೇಯ ಎಣಿಸಿದೆ. ಉಕ್ಕು ಭಾರಕ್ಕೆ ಕೊಂಚ ಬಾಗುತ್ತದೆ, ಬುಶ್ ವರ್ಷಗಳಲ್ಲಿ ಸವೆಯುತ್ತದೆ. ಹಳೆಯ ಲಿಫ್ಟಿನ ಹಲಗೆ ಓರೆಯಾಗಿ ಕಂಡರೆ ಅದನ್ನು ಖಾಲಿ ಮಾಡಿ, ಹಲಗೆಯ ಮೇಲೆ ರಸಮಟ್ಟವಿಟ್ಟು ಕೆಳ ಎತ್ತರದಲ್ಲೊಮ್ಮೆ, ಮೇಲಿನ ಎತ್ತರದಲ್ಲೊಮ್ಮೆ ನೋಡಬೇಕು. ಎರಡೂ ಕಡೆ ಓರೆ ಅಷ್ಟೇ ಇದ್ದರೆ ತೋಳುಗಳು ಸರಿಯಿವೆ, ಲಿಫ್ಟು ನಿಂತ ನೆಲವೇ ಓರೆಯಾಗಿದೆ. ಸಮಾಂತರ ಚತುರ್ಭುಜ ನೆಲದ ಓರೆಯನ್ನು ಹಾಗೆಯೇ ಹಲಗೆಗೆ ದಾಟಿಸಿದೆ. ಏರಿದಂತೆ ಓರೆ ಬೆಳೆಯುತ್ತಿದ್ದರೆ ಲಿಫ್ಟನ್ನು ಇಳಿಸಿ, ನಡುವಣ ಪಿನ್ನಿನಿಂದ ನಾಲ್ಕೂ ತುದಿಗಳ ಕೀಲಿನವರೆಗೆ ಟೇಪು ಹಿಡಿದು ಅಳೆಯಬೇಕು. ಒಂದೇ ತೋಳಿನ ಎರಡು ಅಳತೆಗಳು ಎಲ್ಲಿ ಬೇರೆಯಾಗುತ್ತವೋ ಆ ತೋಳಿನ ಬುಶ್ ಬದಲಿಸುವ ಕಾಲ ಬಂದಿದೆ.